ಒಂದೇ ಜೀನು, ಎರಡು ಬಣ್ಣದ ಇಲಿ

ಒಂದೇ ಸೂಲಿನಲ್ಲಿ ಹುಟ್ಟಿದ ಎರಡು ಪ್ರಯೋಗಾಲಯದ ಇಲಿಗಳು. ಒಂದು ಹಳದಿ, ದಪ್ಪ. ಇನ್ನೊಂದು ಕಂದು, ಸಪೂರ. ಇಬ್ಬರ ಅಗೌಟಿ ಜೀನಿನ ಅಕ್ಷರಗಳೂ ಒಂದೇ. ಆ ಜೀನಿನ ಮುಂಭಾಗದಲ್ಲಿ ವೈರಸ್ಸನ್ನು ಹೋಲುವ ಡಿಎನ್‌ಎ ತುಣುಕೊಂದು ಬಂದು ಸೇರಿಕೊಂಡಿದೆ. ಅದಕ್ಕೆ ಕಡಿವಾಣವಿಲ್ಲದಿದ್ದರೆ ಜೀನು ಮೈಯೆಲ್ಲ, ಸದಾಕಾಲ ಚಾಲೂ: ಕೂದಲು ಹಳದಿ, ಹಸಿವು ವಿಪರೀತ.

ಕಂದು ಇಲಿಯಲ್ಲಿ ಆ ತುಣುಕಿನ ಸೈಟೊಸಿನ್‌ಗಳಿಗೆ ಮೀಥೈಲ್ ಗುಂಪುಗಳು ಅಂಟಿಕೊಂಡಿರುತ್ತವೆ. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ! ಅಲ್ಲಿ ಜೀನನ್ನು ಓದುವ ಪ್ರೋಟೀನುಗಳು ಸುಲಭವಾಗಿ ಕೂರಲಾರವು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್‌ಗಳ ಮೇಲಿನ ಗುರುತುಗಳೂ ಬೇರೆ. ಹಳದಿ ಇಲಿಯಲ್ಲಿ ಅಸಿಟೈಲ್ ಹೆಚ್ಚು. ಅದು ಹಿಸ್ಟೋನಿನ ಧನ ಆವೇಶವನ್ನು ತಗ್ಗಿಸಿ, ಡಿಎನ್‌ಎ ಮೇಲಿನ ಹಿಡಿತವನ್ನು ಸಡಿಲಿಸುತ್ತದೆ.

2003ರಲ್ಲಿ ಅಮೆರಿಕದ ವಾಟರ್‌ಲ್ಯಾಂಡ್ ಮತ್ತು ಜರ್ಟಲ್ ತಾಯಿ ಇಲಿಗಳಿಗೆ ಫೋಲಿಕ್ ಆಮ್ಲ, ಬಿ12, ಕೋಲಿನ್, ಬೀಟೇನ್ ಬೆರೆಸಿದ ಆಹಾರ ಕೊಟ್ಟರು. ಮರಿಗಳ ಬಣ್ಣ ಕಂದಿನತ್ತ ವಾಲಿತು, ಆ ತುಣುಕಿನ ಮೀಥೈಲೂ ಹೆಚ್ಚಿತ್ತು. ಎಲ್ಲ ಮರಿಗಳೂ ಕಂದಾಗಲಿಲ್ಲ. ಮಚ್ಚೆ ಮಚ್ಚೆಯವೂ ಇದ್ದವು. ಅಂಥವುಗಳ ಮೈಯಲ್ಲಿ ಕೆಲವು ಕೋಶಗಳಲ್ಲಿ ಜೀನು ಚಾಲೂ, ಉಳಿದವುಗಳಲ್ಲಿ ಬಂದ್. ಈ ಪ್ರಯೋಗ ತೋರಿಸಿ ಮನುಷ್ಯರಿಗೆ ಮಾತ್ರೆ ಮಾರುವವರು ಒಂದನ್ನು ಮರೆಮಾಚುತ್ತಾರೆ: ನಮ್ಮ ಅಗೌಟಿ ಜೀನಿನ ಬಳಿ ಈ ತುಣುಕೇ ಇಲ್ಲ.