ಬೀಜದ ಚೀಲದ ಮೇಲಿನ ಮೂರು ಮಾತು

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ದಾವಣಗೆರೆ, ಹಾವೇರಿ ಕಡೆಯ ಬೀಜದ ಅಂಗಡಿಗಳಲ್ಲಿ ಗೋವಿನಜೋಳದ ಚೀಲಗಳು ಎದೆಮಟ್ಟ ಏರಿರುತ್ತವೆ. ಚೀಲ ಯಾವ ಕಂಪನಿಯದಾದರೂ ಅದರ ಮೇಲೆ ಅಥವಾ ಜೊತೆಗೆ ಕೊಡುವ ಪಾಂಪ್ಲೆಟ್ಟಿನಲ್ಲಿ ಮೂರು ಮಾತು ಇದ್ದೇ ಇರುತ್ತವೆ: ಇಷ್ಟು ದಿನದ ತಳಿ, ಎಕರೆಗೆ ಇಷ್ಟು ಕ್ವಿಂಟಾಲ್‌ವರೆಗೆ ಇಳುವರಿ, ಜೊತೆಗೆ ಬಣ್ಣದ ಚೀಟಿ. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಇಳುವರಿಯ ಅಂಕಿಗೆ. ನನ್ನನ್ನು ಕೇಳಿದರೆ ಅದನ್ನು ಕೊನೆಗೆ ಓದಬೇಕು. ಮೊದಲು ನೋಡಬೇಕಾದದ್ದು ದಿನ.

ದಿನದ ಲೆಕ್ಕ ಕೊಯ್ಲು ಯಾವಾಗ ಎಂದು ತಿಳಿಯಲಷ್ಟೇ ಅಲ್ಲ. ಗೋವಿನಜೋಳದ ಗಂಡು ಹೂವು ಗಿಡದ ನೆತ್ತಿಯ ಸೂಲಂಗಿಯಲ್ಲಿದೆ, ಹೆಣ್ಣು ಹೂವು ನಡುವಿನ ತೆನೆಯಲ್ಲಿದೆ. ತೆನೆಯ ತುದಿಯಿಂದ ಹೊರಬರುವ ರೇಷ್ಮೆಯಂಥ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಎಳೆಗೆ ಪರಾಗ ತಾಗದಿದ್ದರೆ ಆ ಕಾಳಿಲ್ಲ. ನೀರಿನ ಕೊರತೆಯಾದಾಗ ಸೂಲಂಗಿ ಹೆಚ್ಚುಕಡಿಮೆ ತನ್ನ ಹೊತ್ತಿಗೇ ಪರಾಗ ಉದುರಿಸುತ್ತದೆ, ಆದರೆ ಎಳೆಗಳು ಹೊರಬರುವುದು ತಡವಾಗುತ್ತದೆ. ಅವು ಬರುವಷ್ಟರಲ್ಲಿ ಪರಾಗ ಮುಗಿದಿರುತ್ತದೆ. ಸಾಲು ಸಾಲಾಗಿ ಕಾಳು ತಪ್ಪಿದ ಬೋಳು ತೆನೆ ಹುಟ್ಟುವುದು ಹೀಗೆ. ಎಳೆ ಬರುವುದಕ್ಕೆ ಹತ್ತು ದಿನ ಮೊದಲು, ಬಂದ ಮೇಲೆ ಹತ್ತು ದಿನ, ಈ ಇಪ್ಪತ್ತು ದಿನ ಭೂಮಿಯಲ್ಲಿ ಹಸಿ ಇದ್ದರೆ ಬೆಳೆ ಬಹುಪಾಲು ಕೈಗೆ ಬಂದಂತೆ. ಹಾಗಾಗಿ ತಳಿಯ ದಿನಗಳನ್ನು ಆರಿಸುವುದೆಂದರೆ ಆ ಇಪ್ಪತ್ತು ದಿನಗಳನ್ನು ಯಾವ ಮಳೆಗೆ ಸಿಕ್ಕಿಸಬೇಕೆಂದು ಆರಿಸುವುದು.

ಒಂದು ಹೊಲವನ್ನೇ ಇಟ್ಟುಕೊಂಡು ನೋಡೋಣ. ಮಳೆಯಾಶ್ರಿತ, ಮೊಣಕಾಲಿನಷ್ಟೂ ಆಳವಿಲ್ಲದ ಕೆಂಪು ಮಣ್ಣು. ಮೃಗಶಿರ, ಆರಿದ್ರ ಎರಡೂ ಕೈಕೊಟ್ಟು ಪುನರ್ವಸುವಿನಲ್ಲಿ, ಅಂದರೆ ಜುಲೈ 10ರ ಸುಮಾರಿಗೆ ಬಿತ್ತನೆಗೆ ಹದ ಬಂದಿದೆ. ಅಂಗಡಿಯಲ್ಲಿ 120 ದಿನದ್ದೂ ಇದೆ, 105 ದಿನದ್ದೂ ಇದೆ, 95 ದಿನದ್ದೂ ಇದೆ. ಸಾಮಾನ್ಯವಾಗಿ ಒಟ್ಟು ಅವಧಿಯ ಅರ್ಧದಷ್ಟು ಕಳೆದಾಗ ಎಳೆ ಬರುತ್ತದೆ. 120 ದಿನದ್ದಕ್ಕೆ ಅದು ಸೆಪ್ಟೆಂಬರ್ 8ರ ಹೊತ್ತಿಗೆ, ಹುಬ್ಬೆ ಮಳೆಯಲ್ಲಿ. ಹೂವಿನ ಮಟ್ಟಿಗೆ ಒಳ್ಳೆಯ ಕಾಲವೇ. ಆದರೆ ಕಾಳು ತುಂಬುವುದು ನವೆಂಬರ್ ಮೊದಲ ವಾರದವರೆಗೂ ನಡೆಯಬೇಕು. ಚಿತ್ತೆ ಮಳೆ ದಾಟಿದ ಮೇಲೆ ತೆಳು ಕೆಂಪು ಮಣ್ಣಿನಲ್ಲಿ ಹಸಿ ಉಳಿಯುವುದಿಲ್ಲ. ಕೊನೆಯ ಎರಡು ವಾರ ಗಿಡ ಒಣಗುತ್ತಲೇ ಕಾಳು ಕಟ್ಟಿ ಜೊಳ್ಳು ಹೆಚ್ಚುತ್ತದೆ. 95 ದಿನದ್ದು ಆಗಸ್ಟ್ ಕೊನೆಗೆ, ಮಘೆಯಲ್ಲಿ ಎಳೆ ಬಿಟ್ಟು ಅಕ್ಟೋಬರ್ 13ರ ಹೊತ್ತಿಗೆ ಬಲಿಯುತ್ತದೆ. ಬರಕ್ಕೆ ಅದು ಸಿಕ್ಕುವುದಿಲ್ಲ, ಆದರೆ ಹಿಂಗಾರು ಮಳೆಗೆ ಸಿಕ್ಕುತ್ತದೆ. ಕಣವೂ ಟಾರ್ಪಾಲೂ ಇಲ್ಲದವರ ತೆನೆಗೆ ಬೂಸ್ಟು ಹಿಡಿದರೆ ವ್ಯಾಪಾರಿ ಅದನ್ನು ಕೇಳಿದ ದರಕ್ಕೆ ಕೊಳ್ಳುವುದಿಲ್ಲ. 105 ದಿನದ್ದು ಸೆಪ್ಟೆಂಬರ್ ಮೊದಲಲ್ಲಿ ಹೂವಾಗಿ ಅಕ್ಟೋಬರ್ 23ರ ಸುಮಾರಿಗೆ ಬಲಿಯುತ್ತದೆ. ಈ ಹೊಲಕ್ಕೆ ನಾನು ಅದನ್ನೇ ಹೇಳುತ್ತೇನೆ. ಇದೇ ತಾರೀಖಿಗೆ ಆಳದ ಎರೆ ಭೂಮಿ ಇದ್ದಿದ್ದರೆ 120 ದಿನದ್ದಕ್ಕೆ ಹೆದರಬೇಕಿರಲಿಲ್ಲ, ಎರೆಯ ಹೊಟ್ಟೆಯಲ್ಲಿ ಇನ್ನೂ ಮೂರು ವಾರದ ನೀರು ಇರುತ್ತದೆ.

ಚೀಲದ ಮೇಲಿನ ದಿನಗಳು ಗಡಿಯಾರದ ದಿನಗಳಲ್ಲ ಎಂಬುದೂ ನೆನಪಿರಲಿ. ಗಿಡ ಎಣಿಸುವುದು ಬಿಸಿಲಿನ ಕಾವನ್ನು. ಮುಂಗಾರಿನಲ್ಲಿ 110 ದಿನಕ್ಕೆ ಬಲಿಯುವ ತಳಿಯನ್ನು ನೀರಾವರಿಯಲ್ಲಿ ಚಳಿಗಾಲಕ್ಕೆ ಹಾಕಿದರೆ ವಾರ, ಹತ್ತು ದಿನ ಹೆಚ್ಚೇ ತೆಗೆದುಕೊಳ್ಳುತ್ತದೆ. ಅಲ್ಪಾವಧಿ ತಳಿಯ ಇಳುವರಿ ಕಡಿಮೆಯೇಕೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ: ಬೇಗ ಹೂವಾಗುವ ಗಿಡಕ್ಕೆ ಎಲೆಗಳು ಕಡಿಮೆ, ಕಾಳು ತುಂಬುವ ದಿನಗಳೂ ಕಡಿಮೆ.

ಇನ್ನು ಇಳುವರಿಯ ಅಂಕಿ. ‘ಎಕರೆಗೆ 40 ಕ್ವಿಂಟಾಲ್‌ವರೆಗೆ’ ಎಂದು ಬರೆದಿದೆ ಎಂದುಕೊಳ್ಳಿ. ಅದು ಸುಳ್ಳೇ ಇರಬೇಕೆಂದಿಲ್ಲ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಬಿಟ್ಟರೆ ಎಕರೆಗೆ ಸುಮಾರು 33,700 ಗಿಡ. 40 ಕ್ವಿಂಟಾಲ್ ಬರಬೇಕಾದರೆ ಗಿಡಕ್ಕೆ 119 ಗ್ರಾಂ ಕಾಳು ಬೇಕು. ಒಂದು ತೆನೆಯಲ್ಲಿ 14 ಸಾಲು, ಸಾಲಿಗೆ 30 ಕಾಳು, ಒಂದು ಕಾಳಿನ ತೂಕ 0.28 ಗ್ರಾಂ ಎಂದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅಂದರೆ ಹಾಕಿದ ಪ್ರತಿ ಬೀಜವೂ ಮೊಳೆತು, ಯಾವ ಗಿಡವೂ ಸೈನಿಕ ಹುಳುವಿಗೆ ಬಲಿಯಾಗದೆ, ಪ್ರತಿ ತೆನೆಯೂ ತುದಿಯವರೆಗೆ ತುಂಬಿದರೆ 40 ಕ್ವಿಂಟಾಲ್. ಈಗ ನೂರಕ್ಕೆ ಹದಿನೈದು ಗಿಡ ತಪ್ಪಿ, ತೆನೆಗೆ 300 ಕಾಳು ನಿಂತು, ಕಾಳು ಸ್ವಲ್ಪ ಸಣ್ಣದಾಗಿ 0.25 ಗ್ರಾಂ ತೂಗಿತು ಎನ್ನಿ. ಸಿಗುವುದು ಎಕರೆಗೆ ಇಪ್ಪತ್ತೊಂದೂವರೆ ಕ್ವಿಂಟಾಲ್. ತಳಿ ಅದೇ, ಚೀಲ ಅದೇ. ‘ವರೆಗೆ’ ಎಂಬುದು ಮೇಲಿನ ಗಡಿಯನ್ನಷ್ಟೇ ಹೇಳುತ್ತದೆ.

ಕ್ಷೇತ್ರೋತ್ಸವದಲ್ಲಿ ತೆನೆ ತೂಗಿ ತೋರಿಸುವಾಗ ಇನ್ನೂ ಎರಡು ಪ್ರಶ್ನೆ ಕೇಳಬೇಕು. ಮೊದಲನೆಯದು, ತೂಗುತ್ತಿರುವುದು ತೆನೆಯನ್ನೋ ಕಾಳನ್ನೋ. ಸುಲಿದ ತೆನೆಯ ತೂಕದಲ್ಲಿ ಐದನೇ ಒಂದು ಭಾಗ ಬೆಂಡೇ ಇರುತ್ತದೆ. ಎರಡನೆಯದು ತೇವಾಂಶ. ಶೇಕಡ 25 ತೇವ ಇರುವ 40 ಕ್ವಿಂಟಾಲ್ ಕಾಳು, ಮಾರುಕಟ್ಟೆಗೆ ಒಪ್ಪುವ 14ಕ್ಕೆ ಒಣಗುವಷ್ಟರಲ್ಲಿ 35 ಕ್ವಿಂಟಾಲ್ ಆಗಿರುತ್ತದೆ. ಯಾರೂ ಕದ್ದಿದ್ದಲ್ಲ, ಬರೀ ನೀರು. ಬದುವಿನ ಪಕ್ಕದ ಸಾಲುಗಳನ್ನು ಆರಿಸಿ ತೂಗುವ ಅಭ್ಯಾಸವೂ ಉಂಟು. ಬೆಳಕು ಹೆಚ್ಚು ಬೀಳುವ ಆ ಸಾಲುಗಳ ತೆನೆ ಯಾವಾಗಲೂ ದಪ್ಪ. ನಂಬಬಹುದಾದ ಅಂಕಿ ಎಂದರೆ ನಿಮ್ಮ ಮಣ್ಣಿನಂಥದೇ ಮಣ್ಣಿನಲ್ಲಿ, ಮಳೆ ತಪ್ಪಿದ ವರ್ಷದಲ್ಲಿ, ಪಕ್ಕದಲ್ಲೇ ಬೆಳೆದ ಹಳೆಯ ತಳಿಗಿಂತ ಇದು ಎಷ್ಟು ಹೆಚ್ಚು ಕೊಟ್ಟಿತು ಎಂಬುದು. ಆ ಅಂಕಿಯನ್ನು ಚೀಲದ ಮೇಲೆ ನಾನಂತೂ ಕಂಡಿಲ್ಲ.

ಚೀಟಿಯ ಬಣ್ಣದ ವಿಚಾರದಲ್ಲಿ ಗೊಂದಲ ಹೆಚ್ಚು. ತಳಿ ವರ್ಧಕರ ಬೀಜಕ್ಕೆ ಬಂಗಾರದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ನೀಲಿ ಚೀಟಿ ಬರಬೇಕಾದರೆ ಪ್ರಮಾಣೀಕರಣ ಸಂಸ್ಥೆಯ ಅಧಿಕಾರಿಗಳು ಬೀಜೋತ್ಪಾದನೆಯ ಹೊಲವನ್ನೇ ಹೊಕ್ಕು ನೋಡಿರಬೇಕು. ಹೈಬ್ರಿಡ್ ಗೋವಿನಜೋಳದ ಬೀಜದ ಹೊಲದಲ್ಲಿ ಹೆಣ್ಣು ಸಾಲುಗಳ ಸೂಲಂಗಿಯನ್ನು ಪರಾಗ ಉದುರುವ ಮೊದಲೇ ಆಳುಗಳು ಕಿತ್ತು ಹಾಕುತ್ತಾರೆ, ಗಂಡು ಸಾಲಿನ ಪರಾಗ ಮಾತ್ರ ತಾಗಲೆಂದು. ಸುತ್ತ 200 ಮೀಟರ್ ಒಳಗೆ ಬೇರೆ ಗೋವಿನಜೋಳ ಇರಕೂಡದು. ಕೊನೆಗೆ ಪ್ರಯೋಗಾಲಯದಲ್ಲಿ ಮೊಳಕೆ ಶೇಕಡ 90, ಭೌತಿಕ ಶುದ್ಧತೆ 98ಕ್ಕಿಂತ ಕಡಿಮೆಯಾಗಬಾರದು. ಹಸಿರು ಚೀಟಿ ಇದಲ್ಲ. ಅದು ಉತ್ಪಾದಕ ತಾನೇ ಬರೆದುಕೊಟ್ಟ ಘೋಷಣೆ. ನೀಲಿ ಚೀಟಿಯ ಚೀಲಕ್ಕೂ ಹಸಿರು ಚೀಟಿ ಇರುತ್ತದೆ, ಹಾಗಾಗಿ ಹಸಿರು ಒಂದೇ ಇದ್ದರೆ ಹೊಲಕ್ಕೆ ಹೊರಗಿನವರು ಬಂದು ನೋಡಿದ ಸಾಕ್ಷಿ ಇಲ್ಲ ಎಂದಷ್ಟೇ ಅರ್ಥ.

ಹಾಗೆಂದು ಹಸಿರನ್ನು ಕಂಡೊಡನೆ ತಿರಸ್ಕರಿಸುವುದು ಸರಿಯಲ್ಲ. 1966ರ ಬೀಜ ಕಾಯ್ದೆಯಲ್ಲಿ ಪ್ರಮಾಣೀಕರಣ ಐಚ್ಛಿಕ, ಅದೂ ಸರ್ಕಾರ ಅಧಿಸೂಚಿಸಿದ ತಳಿಗಳಿಗೆ ಮಾತ್ರ. ಖಾಸಗಿ ಕಂಪನಿಗಳ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ಹಸಿರು ಚೀಟಿಯಲ್ಲೇ ಬರುತ್ತವೆ, ಅವುಗಳಲ್ಲಿ ಒಳ್ಳೆಯವು ಬೇಕಾದಷ್ಟಿವೆ. ನೀಲಿ ಚೀಟಿ ಬೀಜ ಶುದ್ಧವೆಂದು ಹೇಳುತ್ತದೆ. ತಳಿ ನಿಮ್ಮ ಹೊಲಕ್ಕೆ ಒಗ್ಗುತ್ತದೆಂದು ಹೇಳುವುದಿಲ್ಲ. ಯಾವ ಬಣ್ಣವಾದರೂ ಪರೀಕ್ಷೆಯ ದಿನಾಂಕ ನೋಡಿ: ಪ್ರಮಾಣಿತ ಬೀಜದ ಮಾನ್ಯತೆ ಮೊದಲ ಸಲಕ್ಕೆ ಒಂಬತ್ತು ತಿಂಗಳು. ಅದು ಮುಗಿದಿದ್ದರೆ ಮರುಪರೀಕ್ಷೆಯ ಚೀಟಿ ಇರಬೇಕು.

ಮನೆಯಲ್ಲೇ ಮೊಳಕೆ ನೋಡುವುದಾದರೆ ನೂರು ಬೀಜ ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟು ಏಳನೇ ದಿನ ಎಣಿಸಿ. ಬೇರು, ಚಿಗುರು ಎರಡೂ ನೇರವಾಗಿರುವವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. 86 ಬಂದರೆ ಅಂಗಡಿಗೆ ಜಗಳಕ್ಕೆ ಹೋಗಬೇಡಿ. ನಿಜವಾಗಿ 90 ಇರುವ ಬೀಜವೂ ನೂರರ ಎಣಿಕೆಯಲ್ಲಿ ಮೂರ್ನಾಲ್ಕು ಆಚೀಚೆ ತೋರಿಸುತ್ತದೆ. ಪ್ರಯೋಗಾಲಯದವರು ನಾನೂರು ಎಣಿಸುವುದು ಇದಕ್ಕೇ. ಎಂಬತ್ತಕ್ಕಿಂತ ಕೆಳಗಿಳಿದರೆ ಮಾತ್ರ ಅನುಮಾನಕ್ಕೆ ಜಾಗ ಇದೆ.

ಇದೇ ಬೀಜದ ಅಂಗಡಿಗಳಲ್ಲಿ ‘ಹೈಬ್ರಿಡ್ ರಾಗಿ ಕೊಡಿ’ ಎಂದು ಕೇಳುವವರೂ ಇದ್ದಾರೆ. ಗೋವಿನಜೋಳದ ಅರ್ಥದ ಹೈಬ್ರಿಡ್ ಬೀಜ ರಾಗಿಯಲ್ಲಿ ಮಾರಾಟಕ್ಕಿಲ್ಲ. ರಾಗಿಯ ಹೂವು ಸಾಸಿವೆಗಿಂತ ಸಣ್ಣದು, ತನ್ನ ಪರಾಗವನ್ನು ತಾನೇ ತಾಗಿಸಿಕೊಳ್ಳುತ್ತದೆ. ಎಕರೆಗಟ್ಟಲೆ ಹೊಲದಲ್ಲಿ ಅದರ ಗಂಡು ಭಾಗ ಕಿತ್ತು ಬೀಜ ಮಾಡುವುದು ಆಗದ ಕೆಲಸ. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಕಷ್ಟಪಟ್ಟು ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆದರೆ ಸಂಕರದ ನಂತರ ಹಲವು ತಲೆಮಾರು ಆರಿಸಿ ಸ್ಥಿರಗೊಳಿಸಿದ ತಳಿಗಳವು. ಎಂಆರ್-6, ಜಿಪಿಯು-28, ಕೆಎಂಆರ್-204 ಕೂಡ ಸ್ಥಿರ ತಳಿಗಳೇ. ಆದ್ದರಿಂದ ರಾಗಿಯ ಬೀಜವನ್ನು ನಿಮ್ಮದೇ ಹೊಲದಿಂದ ಒಳ್ಳೆಯ ತೆನೆ ಆರಿಸಿ ಎರಡು ಮೂರು ವರ್ಷ ಇಟ್ಟುಕೊಳ್ಳಬಹುದು. ಗೋವಿನಜೋಳದ ಹೈಬ್ರಿಡ್ ಕಾಳನ್ನು ಹಾಗೆ ಬಿತ್ತಿದರೆ ಮರುವರ್ಷವೇ ಒಂದು ಗಿಡ ಎತ್ತರ, ಒಂದು ಗಿಡ್ಡ, ಹೂವಿನ ಹೊತ್ತೂ ಬೇರೆ ಬೇರೆ. ರಾಗಿಗೆ ನೀಲಿ ಚೀಟಿ ಸುಲಭವಾಗಿ ಸಿಗುತ್ತದೆ, ಮೊಳಕೆಯ ಕನಿಷ್ಠ ಮಟ್ಟ ಮಾತ್ರ ಶೇಕಡ 75. ದಿನದ ಲೆಕ್ಕ ಇಲ್ಲೂ ಅದೇ: ಜೂನ್ ಕೊನೆ, ಜುಲೈ ಮೊದಲಿಗೆ ಬಿತ್ತಿದರೆ 120 ದಿನದ ಎಂಆರ್-6 ಆಗುತ್ತದೆ, ಜುಲೈ ನಡುವಿಗೆ 110–115 ದಿನದ ಜಿಪಿಯು-28, ಆಗಸ್ಟ್‌ಗೆ ಜಾರಿದರೆ ನೂರು ದಿನದ ಆಸುಪಾಸಿನ ಕೆಎಂಆರ್-204.

ಬೀಜ ಕಲಬೆರಕೆಯಾಗಿದ್ದರೆ ಗೋವಿನಜೋಳದ ಹೊಲವೇ ತೋರಿಸಿಬಿಡುತ್ತದೆ. ಬೀಜದ ಹೊಲದಲ್ಲಿ ಸೂಲಂಗಿ ಕೀಳುವುದು ತಪ್ಪಿದಲ್ಲಿ ಹೆಣ್ಣು ಸಾಲು ತನ್ನದೇ ಪರಾಗದಿಂದ ಬೀಜ ಕಟ್ಟಿರುತ್ತದೆ. ಆ ಬೀಜದ ಗಿಡ ಕುಳ್ಳು, ಕಾಂಡ ಸಣ್ಣ, ಪಕ್ಕದವಕ್ಕಿಂತ ತಡವಾಗಿ ಅಥವಾ ಬೇಗ ಹೂವಾಗುತ್ತದೆ. ಸೂಲಂಗಿ ಬರುವ ಹೊತ್ತಿಗೆ ಬೇರೆ ಬೇರೆ ಜಾಗದಲ್ಲಿ ನೂರು ನೂರು ಗಿಡ ಎಣಿಸಿ ನೋಡಿ. ನೂರಕ್ಕೆ ಐದರವರೆಗೆ ನಿಯಮವೇ ಸಹಿಸುತ್ತದೆ. ಹದಿನೈದು, ಇಪ್ಪತ್ತು ಕಂಡರೆ ಅದು ಮಣ್ಣಿನ ದೋಷವಲ್ಲ, ಏಕೆಂದರೆ ಗೊಬ್ಬರ ಅಥವಾ ನೀರು ಕಡಿಮೆಯಾದರೆ ಗಿಡಗಳು ಪಟ್ಟೆಪಟ್ಟೆಯಾಗಿ ಕುಗ್ಗುತ್ತವೆ, ಹೀಗೆ ಅಲ್ಲೊಂದು ಇಲ್ಲೊಂದರಂತೆ ಚದುರಿರುವುದಿಲ್ಲ. ಆಗ ಬಿಲ್ಲು, ಚೀಟಿ ಸಮೇತ ಖಾಲಿ ಚೀಲ, ತೆಗೆದಿಟ್ಟ ಹಿಡಿ ಬೀಜದೊಂದಿಗೆ ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ದೂರು ಕೊಟ್ಟು, ಬೆಳೆ ನಿಂತಿರುವಾಗಲೇ ಪರಿಶೀಲನೆಗೆ ಕರೆಸಬೇಕು. ಬೀಜ ಕೊಂಡ ರೈತ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಸ್ಪಷ್ಟಪಡಿಸಿದೆ, ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಕೊಯ್ಲು ಮಾಡಿ ಮುಗಿಸಿದ ಮೇಲೆ ಹೋದರೆ ತೋರಿಸಲು ಹೊಲದಲ್ಲಿ ಕೂಳೆ ಬಿಟ್ಟರೆ ಏನೂ ಇರುವುದಿಲ್ಲ.