ಸಕ್ಕರೆ ಕಾಯಿಲೆಯಲ್ಲಿ ಏದುಸಿರು ಏಕೆ?

ಇನ್ಸುಲಿನ್ ತಪ್ಪಿಸಿದ ಹುಡುಗನೊಬ್ಬ ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗಿದ್ದಾನೆ ಎನ್ನಿ. ಓಡಿ ಬಂದವನ ಹಾಗೆ ಆಳವಾಗಿ, ಬಿಡುವಿಲ್ಲದೆ ಉಸಿರಾಡುತ್ತಿದ್ದಾನೆ. ಮನೆಯವರಿಗೆ ಅದು ದಮ್ಮಿನಂತೆ ಕಾಣುತ್ತದೆ. ಆದರೆ ಶ್ವಾಸಕೋಶದಲ್ಲಿ ದೋಷವಿಲ್ಲ. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮಾಲ್ 1874ರಲ್ಲಿ ವರ್ಣಿಸಿದ ಉಸಿರಾಟ ಇದು.

ಇನ್ಸುಲಿನ್ ಇಲ್ಲದಾಗ ದೇಹ ಕೊಬ್ಬನ್ನು ಕರಗಿಸುತ್ತದೆ. ಅದರಿಂದ ಹುಟ್ಟುವ ಕೀಟೋನ್ ಆಮ್ಲಗಳನ್ನು ರಕ್ತದ ಬೈಕಾರ್ಬನೇಟ್ ತಣಿಸುತ್ತ ತಾನೇ ಖರ್ಚಾಗುತ್ತದೆ. ರಕ್ತದ ಪಿಎಚ್ ನಿಂತಿರುವುದು ಬೈಕಾರ್ಬನೇಟ್ ಮತ್ತು ಇಂಗಾಲದ ಡೈಆಕ್ಸೈಡ್‌ಗಳ ಅನುಪಾತದ ಮೇಲೆ. ಒಂದು ಕುಸಿದರೆ ಇನ್ನೊಂದನ್ನೂ ಇಳಿಸಬೇಕು. ಆಮ್ಲ ಹೆಚ್ಚಿದ್ದನ್ನು ಗ್ರಹಿಸಿದ ಮಿದುಳು ಉಸಿರಾಟದ ವೇಗ ಏರಿಸಿ, ನಿಮಿಷಗಳಲ್ಲೇ ಆ ಅನಿಲವನ್ನು ಹೊರದಬ್ಬತೊಡಗುತ್ತದೆ.

ಹುಡುಗನ ಬೈಕಾರ್ಬನೇಟ್ 24ರ ಬದಲು 10 ಇದೆ ಎಂದುಕೊಳ್ಳಿ. ಉಸಿರಾಟ ಬದಲಾಗದೆ ಡೈಆಕ್ಸೈಡ್ ಒತ್ತಡ ಎಂದಿನ 40ರಲ್ಲೇ ಉಳಿದಿದ್ದರೆ ಪಿಎಚ್ 7.02ಕ್ಕೆ ಬೀಳುತ್ತಿತ್ತು. ಅದು 23ಕ್ಕೆ ಇಳಿದರೆ ಪಿಎಚ್ 7.26ರಲ್ಲಿ ನಿಲ್ಲುತ್ತದೆ. 7.4ಕ್ಕಂತೂ ಮರಳುವುದಿಲ್ಲ; ಉಸಿರಾಟ ಸಮಯ ದೊರಕಿಸುತ್ತದೆ, ರೋಗ ವಾಸಿ ಮಾಡುವುದಿಲ್ಲ.

ವೈದ್ಯರ ಲೆಕ್ಕ ಸರಳ: ಬೈಕಾರ್ಬನೇಟನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿದರೆ ಡೈಆಕ್ಸೈಡ್ ಎಷ್ಟಿರಬೇಕೆಂದು ತಿಳಿಯುತ್ತದೆ, ಎರಡು ಅಂಕಿ ಅತ್ತಿತ್ತ. ಇದೇ ಹುಡುಗನಲ್ಲಿ ಅದು 35 ಇದ್ದರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ, ಇಲ್ಲವೇ ಶ್ವಾಸಕೋಶದಲ್ಲೂ ತೊಂದರೆಯಿದೆ. ಹೊರನೋಟಕ್ಕೆ ಉಸಿರು ಶಾಂತವಾದಂತೆ ಕಂಡು ಮೋಸ ಮಾಡುವುದು ಆಗಲೇ. ಇನ್ಸುಲಿನ್, ಡ್ರಿಪ್ ಶುರುವಾಗುವ ಮೊದಲೇ ಏದುಸಿರು ತಗ್ಗಿ ಮಂಪರು ಹೆಚ್ಚಿದರೆ, ಚೇತರಿಕೆ ಎಂದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.