ಏಡಿಯಂತೆ ಅಡ್ಡ ನಡೆಯುವ ಚಕ್ರ

ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸುವಾಗ, ಇದು ಹಾಗೇ ಪಕ್ಕಕ್ಕೆ ಸರಿಯಬಾರದೇ ಅನ್ನಿಸುತ್ತದಲ್ಲ? ಸ್ವೀಡನ್ನಿನ ಎಂಜಿನಿಯರ್ ಬೆಂಗ್ಟ್ ಇಲಾನ್ 1970ರ ದಶಕದಲ್ಲಿ ರೂಪಿಸಿದ ಮೆಕಾನಮ್ ಚಕ್ರ ಮಾಡುವುದು ಅದನ್ನೇ. ಚಕ್ರದ ಅಂಚಿನ ಸುತ್ತ 45 ಡಿಗ್ರಿ ಓರೆಯಾಗಿ ಪುಟ್ಟ ರೋಲರ್‌ಗಳಿರುತ್ತವೆ. ಮೋಟರ್ ತಿರುಗಿಸುವುದು ಚಕ್ರವನ್ನು ಮಾತ್ರ, ರೋಲರ್‌ಗಳು ತಮ್ಮ ಪಾಡಿಗೆ ಉರುಳುತ್ತವೆ. ಹೀಗಾಗಿ ಪ್ರತಿ ಚಕ್ರವೂ ರೋಬಾಟನ್ನು ಓರೆಯಾಗಿಯೇ ತಳ್ಳುತ್ತದೆ. ನಾಲ್ಕು ಓರೆ ತಳ್ಳುಗಳು ಕೂಡಿ ಕಳೆದು ಉಳಿದದ್ದೇ ಅದರ ನಡಿಗೆ.

ಚಕ್ರಗಳಲ್ಲಿ ಎಡಗೈ, ಬಲಗೈ ಎಂಬಂತೆ ಎರಡು ಜಾತಿ. ಎದುರುಬದುರು ಮೂಲೆಗಳಿಗೆ ಒಂದೇ ಜಾತಿಯವು ಬರಬೇಕು. ಮೇಲಿನಿಂದ ನೋಡಿದಾಗ ಕಣ್ಣಿಗೆ ಬೀಳುವ ರೋಲರ್‌ಗಳು ಇಂಗ್ಲಿಷಿನ X ಅಕ್ಷರದಂತೆ ನಡುವಿನತ್ತ ಮುಖ ಮಾಡಿರಬೇಕು. ನೆಲ ಮುಟ್ಟುವ ರೋಲರ್‌ಗಳು ಇದಕ್ಕೆ ತಿರುಗುಮುರುಗಾಗಿ ವಜ್ರಾಕಾರದಲ್ಲಿರುತ್ತವೆ, ಎಡವುವುದು ಇಲ್ಲೇ. ಅದಲು ಬದಲಾದರೂ ರೋಬಾಟ್ ಮುಂದೆ ಹೋಗುತ್ತದೆ, ಅಡ್ಡವೂ ಹೋಗುತ್ತದೆ, ಆದರೆ ಹೇಳಿದ್ದಕ್ಕೆ ವಿರುದ್ಧ ದಿಕ್ಕಿಗೆ. ಕೋಡಿನಲ್ಲಿ ಚಿಹ್ನೆ ಬದಲಿಸಿ ಸುಮ್ಮನಾಗಬೇಡಿ. ಆಗ ತಳ್ಳುಗಳೆಲ್ಲ ನಡುಬಿಂದುವಿನ ಹತ್ತಿರವೇ ಹಾಯುವುದರಿಂದ ರೋಬಾಟನ್ನು ತಿರುಗಿಸುವ ಬಲ ಸಿಗದು. ಚಕ್ರಗಳು ಚೌಕದ ಮೂಲೆಗಳಲ್ಲಿದ್ದರಂತೂ ಅದು ನಿಂತಲ್ಲೇ ತಿರುಗುವುದೇ ಇಲ್ಲ.

ಸರಿಯಾದ ಜೋಡಣೆಯ ಲೆಕ್ಕ ಇಷ್ಟೇ:

```
FL = (vx - vy - K*w) / r
FR = (vx + vy + K*w) / r
RL = (vx + vy - K*w) / r
RR = (vx - vy + K*w) / r
```

vx ಮುಂದಕ್ಕೆ, vy ಎಡಕ್ಕೆ, w ಅಪ್ರದಕ್ಷಿಣವಾಗಿ ತಿರುಗುವ ವೇಗ. r ಚಕ್ರದ ತ್ರಿಜ್ಯ. ರೋಬಾಟಿನ ನಡುವಿನಿಂದ ಚಕ್ರಕ್ಕೆ ಉದ್ದಕ್ಕೂ ಅಡ್ಡಕ್ಕೂ ಇರುವ ದೂರಗಳ ಮೊತ್ತವೇ K.

ಜೋಡಣೆ ಸರಿಯಿದ್ದೂ ಅಡ್ಡ ಹೋಗುವಾಗ ಸೊಟ್ಟಗಾಗುತ್ತದೆಯೇ? r 48 ಮಿಲಿಮೀಟರ್, K 280 ಮಿಲಿಮೀಟರ್ ಎನ್ನೋಣ. ಸೆಕೆಂಡಿಗೆ 30 ಸೆಂಟಿಮೀಟರಿನಂತೆ ಬಲಕ್ಕೆ ಸರಿಯಲು ಚಕ್ರಗಳು ನಿಮಿಷಕ್ಕೆ ಸುಮಾರು 60 ಸುತ್ತು ತಿರುಗಬೇಕು. ಹಿಂದಿನ ಬಲಚಕ್ರ ಮಾತ್ರ 57 ಸುತ್ತಿಗೆ ನಿಂತಿತೆನ್ನಿ. ಎರಡು ಮೀಟರ್ ಸರಿಯುವಷ್ಟರಲ್ಲಿ ರೋಬಾಟ್ ಸುಮಾರು 5 ಡಿಗ್ರಿ ಪ್ರದಕ್ಷಿಣವಾಗಿ ತಿರುಗಿ, ಎರಡೂವರೆ ಸೆಂಟಿಮೀಟರ್ ಹಿಂದಕ್ಕೂ ಜಾರಿರುತ್ತದೆ. ಹೀಗೆ ತಿರುವೂ ಜಾರಿಕೆಯೂ ಒಟ್ಟಿಗೆ ಕಂಡರೆ ಒಂದೇ ಚಕ್ರದ ಮೇಲೆ ಗುಮಾನಿ ಇಡಬಹುದು.

ಮೊದಲು ಯಂತ್ರವನ್ನೇ ನೋಡಿ. ಪ್ರತಿ ಚಕ್ರದಡಿ ಕಾಗದದ ಪಟ್ಟಿ ಇಟ್ಟು ಎಳೆಯಿರಿ. ಸಲೀಸಾಗಿ ಬಂದರೆ ಆ ಚಕ್ರದ ಮೇಲೆ ಭಾರವೇ ಬಿದ್ದಿಲ್ಲ. ಬ್ಯಾಟರಿಯ ಜಾಗ ಬದಲಿಸಿ, ಇಲ್ಲವೇ ಚೌಕಟ್ಟಿನ ಸೊಟ್ಟು ತೆಗೆಯಿರಿ. ರೋಲರ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಉರುಳಿಸಿ ನೋಡಿ, ಕೂದಲು ನೂಲು ಸುತ್ತಿಕೊಂಡು ಬಿಗಿಯಾಗುವುದು ಮಾಮೂಲು. ಆಮೇಲೆ ಎನ್‌ಕೋಡರ್ ನೋಡಿಕೊಂಡು ನಾಲ್ಕೂ ಚಕ್ರಗಳ ವೇಗ ಹೊಂದಿಸಬೇಕು. ಗೈರೊ ಸೇರಿಸುವುದು ಕೊನೆಗೆ:

```
w = kP * (target - heading)
```

ಇದನ್ನೇ ಮೊದಲು ಹಾಕಿದರೆ ರೋಬಾಟಿನ ಮುಖವೇನೋ ನೆಟ್ಟಗಿರುತ್ತದೆ. ಆದರೆ ಹಿಂದಕ್ಕೆ ಜಾರಿದ್ದು ಗೈರೊಗೆ ಕಾಣುವುದಿಲ್ಲ.